ಟೊಮೆಟೊಗಿರುವ ಮರ್ಯಾದೆ

ಕರ್ನಾಟಕದಲ್ಲಿ ಸರ್ಕಾರಿ ನೌಕರನ ಸಂಬಳವನ್ನು ಬಚ್ಚಿಡಲು ಯಾರಿಂದಲೂ ಆಗುವುದಿಲ್ಲ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು ಎಂಬ ಸುದ್ದಿ ನೌಕರನ ಹೆಂಡತಿಗೆ ತಲುಪುವ ಮೊದಲೇ ಅವನ ಹತ್ತಿರ ಸಾಲ ಕೇಳುವವರಿಗೆ ತಲುಪಿತ್ತು. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ ಸರ್ಕಾರಿ ಕಚೇರಿಗಳು ತಮ್ಮ ಅಧಿಕಾರಿ, ನೌಕರರ ತಿಂಗಳ ಸಂಬಳವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಇನ್ನು ಎಚ್-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹಾರಿದವರ ಕತೆಯೂ ಅಷ್ಟೇ. ಇಂಥ ಊರಿನ ಇಂಥ ಹುದ್ದೆಗೆ ಇಷ್ಟು ಸಂಬಳ ಕೊಡುತ್ತೇನೆಂದು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಆ ಇಲಾಖೆ ನೌಕರನ ಹೆಸರೊಂದನ್ನು ಬಿಟ್ಟು ಕಂಪನಿ, ಹುದ್ದೆ, ಊರು, ಸಂಬಳ ಎಲ್ಲವನ್ನೂ ಲೋಕಕ್ಕೆ ತೆರೆದಿಡುತ್ತದೆ. ಹಾಗಾಗಿ ಮಂಡ್ಯದ ಜಗಲಿಯಲ್ಲಿ ಕೂತವನು ನ್ಯೂಜೆರ್ಸಿಯ ಪ್ರೋಗ್ರಾಮರನ ಸಂಬಳವನ್ನು ಡಾಲರಿನ ಲೆಕ್ಕದಲ್ಲಿ ಹೇಳಬಲ್ಲ.

ಅವನಿಗೆ ಗೊತ್ತಾಗದಿರುವುದು ವೈಟ್‌ಫೀಲ್ಡಿನಲ್ಲಿರುವ ತನ್ನ ಮಗನ ಸಂಬಳ. ಮಗನಿಗೂ ಪಕ್ಕದ ಕುರ್ಚಿಯವನದು ಗೊತ್ತಿಲ್ಲ. ಆ ಪಕ್ಕದವನು ಕೊಂಡ ಫ್ಲ್ಯಾಟಿನ ಚದರಡಿ ಬೆಲೆ ಗೊತ್ತು, ಅವನ ಕಾರಿನ ಇಎಂಐ ಗೊತ್ತು, ಅವನು ಮಗುವಿನ ಎಲ್‌ಕೆಜಿಗೆ ಕೊಟ್ಟ ಡೊನೇಶನ್ ಗೊತ್ತು. ಸಂಬಳದ ಮಾತು ಬಂದರೆ ಮಾತ್ರ ಇಬ್ಬರೂ ಕಾಫಿ ಕಪ್ಪಿನೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡುತ್ತಾರೆ. ನೇಮಕಾತಿ ಪತ್ರದಲ್ಲಿ ‘ನಿಮ್ಮ ವೇತನವನ್ನು ಯಾರಿಗೂ ತಿಳಿಸತಕ್ಕದ್ದಲ್ಲ’ ಎಂಬ ಸಾಲಿದೆಯಲ್ಲ! ಹೆಂಡತಿಗೆ ಕೊಟ್ಟ ಮಾತು ಮರೆಯುವ ಗಂಡಸರೂ ಎಚ್‌ಆರ್‌ಗೆ ಕೊಟ್ಟ ಈ ಮಾತನ್ನು ಜೀವಮಾನವಿಡೀ ಕಾಪಾಡುತ್ತಾರೆ. ಈ ಪಾತಿವ್ರತ್ಯದಿಂದ ಲಾಭ ಯಾರಿಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೋಲಾರದ ಎಪಿಎಂಸಿಗೆ ಹೋಗಿ ನೋಡಿ. ರೈತ ಟೊಮೆಟೊ ಬಾಕ್ಸುಗಳನ್ನು ಸಾಲಾಗಿ ಇಟ್ಟಿರುತ್ತಾನೆ. ಹರಾಜು ಕೂಗುವವನು ಬರುತ್ತಾನೆ, ವ್ಯಾಪಾರಿಗಳು ಹಣ್ಣನ್ನು ಒತ್ತಿ ನೋಡುತ್ತಾರೆ, ಎಲ್ಲರಿಗೂ ಕೇಳುವ ಹಾಗೆ ಬೆಲೆ ಕೂಗುತ್ತಾರೆ. ಬೆಲೆ ಬಿದ್ದ ದಿನ ರೈತ ಅತ್ತಾನು, ಏರಿದ ದಿನ ನಕ್ಕಾನು. ಆದರೆ ಯಾವ ವ್ಯಾಪಾರಿಯೂ ಅವನ ಹೆಗಲ ಮೇಲೆ ಕೈಹಾಕಿ ‘ಗೌಡ್ರೇ, ಹೋದ ಸಲ ಬಾಕ್ಸು ಎಷ್ಟಕ್ಕೆ ಕೊಟ್ಟಿದ್ರಿ? ಮೂರು ತಿಂಗಳ ಚೀಟಿ ತೋರಿಸಿ, ಅದರ ಮೇಲೆ ಮೂವತ್ತು ಪರ್ಸೆಂಟ್ ಹಾಕಿ ಕೊಡ್ತೀನಿ’ ಎಂದು ಕೇಳುವುದಿಲ್ಲ. ಕೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಟೊಮೆಟೊಗೆ ಇಂದು ಇರುವುದು ಇಂದಿನ ಬೆಲೆ. ಈ ಮರ್ಯಾದೆ ಬೆಂಗಳೂರಿನ ಇಂಜಿನಿಯರಿಗೆ ಇನ್ನೂ ಸಿಕ್ಕಿಲ್ಲ.

ನನ್ನ ಅಕ್ಕನ ಮಗನ ವಿಷಯವನ್ನೇ ತೆಗೆದುಕೊಳ್ಳಿ. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಆರು ವರ್ಷದ ಅನುಭವ. ಈಗಿನ ಸಿಟಿಸಿ ಹನ್ನೊಂದು ಲಕ್ಷ. ಹೊಸ ಕಂಪನಿಯಲ್ಲಿ ನಾಲ್ಕು ಸುತ್ತಿನ ಸಂದರ್ಶನ ಮುಗಿಸಿದ. ಒಬ್ಬರು ಕೋಡ್ ಬರೆಸಿದರು, ಒಬ್ಬರು ಒಗಟು ಬಿಡಿಸಲು ಹೇಳಿದರು, ಒಬ್ಬರು ‘ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ನೋಡುತ್ತೀರಿ’ ಎಂದು ಜ್ಯೋತಿಷ್ಯ ಕೇಳಿದರು. ಎಲ್ಲ ಮುಗಿದ ಮೇಲೆ ಎಚ್‌ಆರ್ ಮೇಡಂ ಫೋನ್ ಮಾಡಿದರು. ನಾಲ್ಕು ಸುತ್ತಿನಲ್ಲಿ ಅಳೆದ ಬುದ್ಧಿಯ ಬಗ್ಗೆ ಒಂದು ಮಾತಿಲ್ಲ. ‘ಕರೆಂಟ್ ಸಿಟಿಸಿ ಎಷ್ಟು ಸರ್?’

‘ಹನ್ನೊಂದು, ಮೇಡಂ.’

‘ಓಕೆ ಸರ್, ನಮ್ಮ ಪಾಲಿಸಿ ಪ್ರಕಾರ ಥರ್ಟಿ ಪರ್ಸೆಂಟ್ ಹೈಕ್. ಫೋರ್ಟೀನ್ ಪಾಯಿಂಟ್ ತ್ರೀ. ಕಂಗ್ರಾಜುಲೇಶನ್ಸ್!’

ಹುಡುಗ ನನ್ನ ಮನೆಗೆ ಮೈಸೂರುಪಾಕ್ ತಂದ. ‘ಮಾವ, ಹದಿನಾಲ್ಕು ಲಕ್ಷ ಮೂವತ್ತು ಸಾವಿರ!’ ಅಂದ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಮೈಸೂರುಪಾಕ್ ತಿನ್ನುತ್ತಲೇ ‘ಆಫರ್ ಲೆಟರಿನ ಕೊನೇ ಪುಟ ತೋರಿಸೋ’ ಎಂದೆ. ಸಿಹಿ ಸುದ್ದಿ ಮೊದಲ ಪುಟದಲ್ಲಿರುತ್ತದೆ, ಸಂಬಳ ಕೊನೆಯ ಪುಟದಲ್ಲಿರುತ್ತದೆ.

ಅಲ್ಲಿ ಮೂಲ ವೇತನ ಅರ್ಧ, ಅಂದರೆ 7,15,000. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ ಶೇ. 12, ಅಂದರೆ 85,800. ಗ್ರಾಚ್ಯುಟಿ ಎಂದು ಶೇ. 4.81, ಅಂದರೆ 34,392. ವಿಮೆಯ ಕಂತು 15,000. ವೇರಿಯಬಲ್ ಪೇ ಎಂದು ಒಟ್ಟಿನ ಹತ್ತನೇ ಒಂದು ಭಾಗ, 1,43,000. ಇವನ್ನೆಲ್ಲ ಕಳೆದೆ. ಖಚಿತವಾಗಿ ಕೈಗೆ ಬರುವ ವಾರ್ಷಿಕ ಹಣ 11,51,808 ರೂಪಾಯಿ ಉಳಿಯಿತು. ತಿಂಗಳಿಗೆ ಸುಮಾರು 96,000. ಅದರಲ್ಲಿ ಅವನದೇ ಪಾಲಿನ ಪಿಎಫ್ 7,150 ಮತ್ತು ವೃತ್ತಿ ತೆರಿಗೆ 200 ಹೋದರೆ 88,600 ಚಿಲ್ಲರೆ. ಆದಾಯ ತೆರಿಗೆಯ ಮಾತು ಬೇರೆ. ಗ್ರಾಚ್ಯುಟಿ ಸಿಗಬೇಕಾದರೆ ಕಾಯಂ ನೌಕರ ಐದು ವರ್ಷ ಅಲ್ಲೇ ಇರಬೇಕು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಈ ಊರಿನಲ್ಲಿ ಅದು ಹೆಚ್ಚಿನವರ ಸಿಟಿಸಿಯಲ್ಲಿ ಹುಟ್ಟಿ ಸಿಟಿಸಿಯಲ್ಲೇ ಸಾಯುವ ದುಡ್ಡು. ವೇರಿಯಬಲ್ ಪೇ ಕಂಪನಿಯ ಲಾಭ, ಮ್ಯಾನೇಜರನ ಮನಸ್ಸು ಮತ್ತು ಗ್ರಹಗತಿ ಮೂರೂ ಕೂಡಿಬಂದರೆ ಬರುತ್ತದೆ.

‘ನಿನ್ನ ಕೆಲಸಕ್ಕೆ ಪೇಟೆಯಲ್ಲಿ ಎಷ್ಟು ನಡೀತಿದೆ ಅಂತ ನೋಡಿದೆಯಾ?’ ಎಂದೆ.

‘ನೋಡಿದೆ ಮಾವ. ಒಂದು ವೆಬ್‌ಸೈಟಲ್ಲಿ ಏಳು ಲಕ್ಷ ಅಂತಿದೆ, ಇನ್ನೊಂದರಲ್ಲಿ ಮೂವತ್ತ್ಮೂರು ಅಂತಿದೆ. ನಂದು ಮಧ್ಯದಲ್ಲಿದೆ, ಸರಿಯಾಗೇ ಇದೆ ಅನ್ನಿಸ್ತು.’

ಏಳು ಮತ್ತು ಮೂವತ್ತ್ಮೂರರ ಮಧ್ಯೆ ಹದಿನಾಲ್ಕೂ ಇದೆ, ಇಪ್ಪತ್ತೂ ಇದೆ, ಅವನ ಅಪ್ಪನ ಪಿಂಚಣಿಯೂ ಇದೆ. ಮೊಬೈಲ್ ಕೊಳ್ಳಲು ಹದಿನೈದು ದಿನ ವಿಮರ್ಶೆ ಓದುವ ಹುಡುಗರು ಮೂರು ವರ್ಷದ ದುಡಿಮೆಯ ಬೆಲೆಯನ್ನು ಮೆಟ್ರೊ ಎರಡು ನಿಲ್ದಾಣ ದಾಟುವಷ್ಟರಲ್ಲಿ ನೋಡಿ ಮುಗಿಸುತ್ತಾರೆ. ಹಾಗಾಗಿ ಕೂರಿಸಿ ಲೆಕ್ಕ ಹೇಳಿಕೊಡಬೇಕಾಯಿತು.

ಹುದ್ದೆಯ ಹೆಸರನ್ನು ನಂಬುವುದನ್ನು ಮೊದಲು ಬಿಡಿಸಿದೆ. ಬೆಂಗಳೂರಿನಲ್ಲಿ ಸಂಬಳ ಏರಿಸಲು ಮನಸ್ಸಿಲ್ಲದಾಗ ಕಂಪನಿಗಳು ಹುದ್ದೆಯ ಹೆಸರು ಏರಿಸುತ್ತವೆ. ಅದಕ್ಕೆ ಖರ್ಚಿಲ್ಲ, ಪಿಎಫ್ ಕಟ್ಟಬೇಕಾಗಿಲ್ಲ, ಹುಡುಗಿ ಕಡೆಯವರಿಗೂ ಸಂತೋಷ. ಒಂದು ಕಡೆ ‘ಲೀಡ್’ ಎನಿಸಿಕೊಂಡವನ ಕೈಕೆಳಗೆ ಯಾರೂ ಇರುವುದಿಲ್ಲ. ಇನ್ನೊಂದು ಕಡೆ ಬರೀ ‘ಇಂಜಿನಿಯರ್’ ಆದವನು ಎಂಟು ಜನರನ್ನು ನೋಡಿಕೊಳ್ಳುತ್ತಾನೆ. ಅದಕ್ಕೇ ‘ನೀನು ದಿನಾ ಮಾಡೋದೇನು, ನಾಲ್ಕು ಸಾಲು ಬರಿ’ ಎಂದೆ. ಬರೆದ: ಪರೀಕ್ಷೆಗಳನ್ನು ಕೈಯಿಂದ ಮಾಡುವುದಿಲ್ಲ, ಸೆಲೆನಿಯಮ್ ಮತ್ತು ಜಾವಾದಲ್ಲಿ ಕೋಡ್ ಬರೆದು ಮಾಡಿಸುತ್ತಾನೆ, ಎಪಿಐಗಳನ್ನೂ ಪರೀಕ್ಷಿಸುತ್ತಾನೆ, ಬ್ಯಾಂಕಿಂಗ್ ಸಾಫ್ಟ್‌ವೇರ್ ಬಲ್ಲ, ಇಬ್ಬರು ಕಿರಿಯರಿಗೆ ಹೇಳಿಕೊಡುತ್ತಾನೆ. ಏಳು ಲಕ್ಷವೆಂದು ತೋರಿಸಿದ ಪುಟದಲ್ಲಿ ಕೋಡ್ ಬರೆಯದ ಟೆಸ್ಟರುಗಳೂ ಒಂದೇ ಹೆಸರಿನಡಿ ಸೇರಿಕೊಂಡಿದ್ದರು. ಜಾಹೀರಾತಿನ ಕೆಲಸ ಈ ನಾಲ್ಕು ಸಾಲಿನಲ್ಲಿ ಮೂರಕ್ಕಾದರೂ ಹೊಂದಿದರೆ ಪಟ್ಟಿಗೆ, ಇಲ್ಲದಿದ್ದರೆ ಕಸದ ಬುಟ್ಟಿಗೆ ಎಂದು ತೀರ್ಮಾನವಾಯಿತು.

ಆಮೇಲೆ ಪೇಟೆ ಯಾವುದು ಎಂಬ ಪ್ರಶ್ನೆ. ‘ಮಾರ್ಕೆಟ್ ಸ್ಟ್ಯಾಂಡರ್ಡ್’ ಎಂದು ಎಚ್‌ಆರ್‌ಗಳು ಏಕವಚನದಲ್ಲಿ ಹೇಳುತ್ತಾರೆ. ಇದೇ ಹೊರವರ್ತುಲ ರಸ್ತೆಯಲ್ಲಿ ಒಂದೇ ಕೆಲಸಕ್ಕೆ ಕನಿಷ್ಠ ನಾಲ್ಕು ಪೇಟೆಗಳಿವೆ. ದಿನಗೂಲಿ ಲೆಕ್ಕದಲ್ಲಿ ಗಿರಾಕಿಗೆ ಬಿಲ್ ಹಾಕುವ ಐಟಿ ಸೇವಾ ಕಂಪನಿಗಳದು ಒಂದು. ವಿದೇಶಿ ಬ್ಯಾಂಕು, ಚಿಲ್ಲರೆ ವ್ಯಾಪಾರದ ದೈತ್ಯರು ತಮ್ಮ ಕೆಲಸಕ್ಕೆಂದೇ ಇಲ್ಲಿ ತೆರೆದ ಕೇಂದ್ರಗಳು, ಅಂದರೆ ಜಿಸಿಸಿಗಳದು ಇನ್ನೊಂದು. ಸ್ವಂತ ಸಾಫ್ಟ್‌ವೇರ್ ಮಾರುವ ದೊಡ್ಡ ಪ್ರಾಡಕ್ಟ್ ಕಂಪನಿಗಳದು ಮತ್ತೊಂದು. ಸಂಬಳದ ಜಾಗದಲ್ಲಿ ಷೇರಿನ ಕನಸು ಬಡಿಸುವ ಸ್ಟಾರ್ಟಪ್‌ಗಳದು ನಾಲ್ಕನೆಯದು. ಕಂಪನಿ ತಾನು ಎರಡನೇ ಪೇಟೆಯದೆಂದು ಬೋರ್ಡಿನಲ್ಲಿ ಬರೆದುಕೊಂಡು ಮೊದಲನೇ ಪೇಟೆಯ ಬೆಲೆ ಹೇಳುವುದೇ ಚೌಕಾಸಿಯ ಹಳೆಯ ವಿದ್ಯೆ. ನಮ್ಮ ಹುಡುಗನನ್ನು ಕರೆದದ್ದು ಜಿಸಿಸಿ. ಆದ್ದರಿಂದ ಉಳಿದ ಮೂರು ಪೇಟೆಯ ಅಂಕಿಗಳನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ ಎಂದೆ.

ಜಾಹೀರಾತುಗಳಿಗೆ ಬಂದೆವು. ನಮ್ಮ ಉದ್ಯೋಗ ಜಾಲತಾಣಗಳಲ್ಲಿ ಅಭ್ಯರ್ಥಿಗೆ ಏನೇನಿರಬೇಕೆಂದು ಮೂವತ್ತು ಸಾಲು ಬರೆದಿರುತ್ತಾರೆ. ತಂಡಸ್ಫೂರ್ತಿ ಇರಬೇಕು, ಒತ್ತಡದಲ್ಲಿ ನಗುತ್ತಿರಬೇಕು, ಪಾರದರ್ಶಕನಾಗಿರಬೇಕು. ಸಂಬಳದ ಜಾಗದಲ್ಲಿ ಮಾತ್ರ ‘ನಾಟ್ ಡಿಸ್‌ಕ್ಲೋಸ್ಡ್’. ಆದರೆ ಜಾಹೀರಾತು ಹಾಕುವವರು ಅನೇಕ ತಾಣಗಳಲ್ಲಿ ಸಂಬಳದ ಮಿತಿಯನ್ನು ತುಂಬಿಯೇ, ಆಮೇಲೆ ಅದನ್ನು ಅಭ್ಯರ್ಥಿಗೆ ಕಾಣದಂತೆ ಮುಚ್ಚಿರುತ್ತಾರೆ. ಗಂಟು ಅಲ್ಲೇ ಇದೆ, ಮೇಲೆ ಟವೆಲ್ ಹೊದಿಸಿದ್ದಾರೆ ಅಷ್ಟೆ. ಹುಡುಕಾಟದಲ್ಲಿ ಸಂಬಳದ ಫಿಲ್ಟರ್ ಹಾಕಿದರೆ ಟವೆಲ್ ಜರುಗುತ್ತದೆ. ಹತ್ತರಿಂದ ಹದಿನೈದು ಲಕ್ಷ ಎಂದು ಒತ್ತಿದಾಗ ಕಾಣುವ ಜಾಹೀರಾತು ಹದಿನೈದರಿಂದ ಇಪ್ಪತ್ತೈದು ಎಂದು ಒತ್ತಿದಾಗಲೂ ಕಂಡರೆ ಆ ಕಂಪನಿಯ ಮಿತಿ ಹದಿನೈದನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ ಎಂದರ್ಥ. ಮುಂದಿನ ಮಿತಿಯಲ್ಲಿ ಮಾಯವಾದರೆ ಮೇಲಿನ ತುದಿ ಅಲ್ಲೇ ಎಲ್ಲೋ ಇದೆ. ಇದು ಅಂದಾಜೇ ಹೊರತು ತೀರ್ಪಲ್ಲ. ಹೆಚ್ಚು ಜನ ಬಲೆಗೆ ಬೀಳಲೆಂದು ‘5ರಿಂದ 25’ ಎಂದು ತುಂಬುವವರೂ ಇದ್ದಾರೆ.

ಕಾನೂನು ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನ್ಯೂಯಾರ್ಕಿನತ್ತ ನೋಡಬೇಕು. ಜಾಹೀರಾತಿನಲ್ಲಿ ಸಂಬಳದ ಮಿತಿಯನ್ನು ಪ್ರಾಮಾಣಿಕವಾಗಿ ಹೇಳಬೇಕೆಂಬ ಕಾನೂನು ಆ ನಗರದಲ್ಲಿ 2022ರ ನವೆಂಬರ್ 1ರಂದು ಜಾರಿಗೆ ಬಂತು. ಆಗ ಸಿಟಿಗ್ರೂಪಿನ ಒಂದು ಜಾಹೀರಾತಿನಲ್ಲಿ ಸಂಬಳ ಸೊನ್ನೆಯಿಂದ ಇಪ್ಪತ್ತು ಲಕ್ಷ ಡಾಲರ್ ಎಂದು ಕಾಣಿಸಿತು. ಜನ ನಕ್ಕ ಮೇಲೆ ಅದು ತಾಂತ್ರಿಕ ದೋಷ ಎಂದು ಬ್ಯಾಂಕು ಸರಿಪಡಿಸಿತು. ನೆಟ್‌ಫ್ಲಿಕ್ಸಿನ ಜಾಹೀರಾತುಗಳಲ್ಲಿ 90,000ದಿಂದ 9,00,000 ಡಾಲರ್ ಎಂಬ ಮಿತಿಯೂ ಸುದ್ದಿಯಾಯಿತು. ನಕ್ಕು ಮುಗಿದ ಮೇಲೆ ನಾವು ಕಲಿಯಬೇಕಾದ್ದು ಇಷ್ಟು: ಮಿತಿಯ ಮೇಲಿನ ತುದಿ ಕೆಳಗಿನ ತುದಿಯ ಒಂದೂವರೆ ಪಟ್ಟನ್ನು ಮೀರಿದರೆ ಅದರೊಳಗೆ ಎರಡು ಮೂರು ದರ್ಜೆಯ ಹುದ್ದೆಗಳು ಒಟ್ಟಿಗೆ ಕೂತಿರುವ ಸಾಧ್ಯತೆಯೇ ಹೆಚ್ಚು. ಅಂಥ ಜಾಹೀರಾತಿನ ಸರಾಸರಿ ತೆಗೆಯುವ ಶ್ರಮ ಬೇಡ. ಅದು ಯಾರ ಸಂಬಳವೂ ಆಗಿರುವುದಿಲ್ಲ.

ಇನ್ನು ನೌಕರರೇ ತಮ್ಮ ಸಂಬಳ ಬರೆಯುವ ತಾಣಗಳು: ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್ ಮುಂತಾದವು. ಇಲ್ಲಿ ಸತ್ಯವೂ ಇದೆ, ಸತ್ಯದ ಜೊತೆ ಬೇರೆಯದೂ ಇದೆ. ಗ್ಲಾಸ್‌ಡೋರಿನಲ್ಲಿ ಇತರರದನ್ನು ಪೂರ್ತಿ ನೋಡಬೇಕಾದರೆ ನಿಮ್ಮದೂ ಏನಾದರೂ ಕೊಡಬೇಕೆಂಬ ಕಟ್ಟಳೆಯುಂಟು. ಬಾಗಿಲು ತೆರೆದರೆ ಸಾಕೆನ್ನುವ ಅವಸರದಲ್ಲಿ ಜನ ಏನು ಬರೆಯುತ್ತಾರೆ? ಒಬ್ಬ ಸಿಟಿಸಿ ಬರೆಯುತ್ತಾನೆ, ಇನ್ನೊಬ್ಬ ಕೈಗೆ ಬರುವುದನ್ನು ಹನ್ನೆರಡರಿಂದ ಗುಣಿಸುತ್ತಾನೆ, ಮತ್ತೊಬ್ಬ ನಾಲ್ಕು ವರ್ಷದಲ್ಲಿ ಸಿಗಬಹುದಾದ ಷೇರುಗಳನ್ನೆಲ್ಲ ಈ ವರ್ಷಕ್ಕೇ ಸೇರಿಸಿ ಮೂವತ್ತ್ಮೂರು ಲಕ್ಷ ಮಾಡುತ್ತಾನೆ. ತಾಣ ಈ ಮೂವರನ್ನೂ ಕೂಡಿ ಮೂರರಿಂದ ಭಾಗಿಸಿ ನಿಮಗೊಂದು ಚೆಂದದ ನೀಲಿ ಗ್ರಾಫ್ ತೋರಿಸುತ್ತದೆ. ನೀವು ಗ್ರಾಫಿನ ಬಣ್ಣ ಬಿಟ್ಟು ಅದರ ಕೆಳಗಿನ ಸಣ್ಣಕ್ಷರ ಓದಬೇಕು. ಎಷ್ಟು ಜನ ಬರೆದದ್ದು? ಯಾವಾಗ ಬರೆದದ್ದು? ಎಷ್ಟು ವರ್ಷದ ಅನುಭವದವರು? 2021-22ರಲ್ಲಿ ಐಟಿಯವರಿಗೆ ದಾರಿಯಲ್ಲಿ ಹೋಗುತ್ತಿದ್ದರೂ ಆಫರ್ ಕೊಡುತ್ತಿದ್ದ ಕಾಲವೊಂದಿತ್ತು. ಆಗಿನ ಅಂಕಿ ಹಿಡಿದುಕೊಂಡು ಇಂದು ಚೌಕಾಸಿಗೆ ಹೋದರೆ ಎಚ್‌ಆರ್ ಮೇಡಂ ನೀರು ಕೊಟ್ಟು ಕಳಿಸುತ್ತಾರೆ.

ಈ ಜರಡಿಯಲ್ಲಿ ಸೋಸಿದ ಮೇಲೆ ಕಳೆದ ಆರು ತಿಂಗಳ, ಅದೇ ಕೆಲಸದ, ಜಿಸಿಸಿಗಳದೇ ಆದ ಏಳು ಅಂಕಿ ಉಳಿದವು. ಕೆಲವು ಜಾಹೀರಾತಿನಿಂದ, ಕೆಲವು ತಾಣಗಳಿಂದ, ಇನ್ನೆರಡು ಹಳೆಯ ಸಹಪಾಠಿಗಳ ಬಾಯಿ ಬಿಡಿಸಿ ಪಡೆದದ್ದು. ‘ನಿನ್ನ ಸಂಬಳ ಎಷ್ಟೋ’ ಎಂದು ಕೇಳಿದರೆ ಸ್ನೇಹ ಕೆಡುತ್ತದೆ. ‘ನನಗೆ ಇಂಥ ಕಡೆ ಆಫರ್ ಬಂದಿದೆ, ಫಿಕ್ಸೆಡ್ ಎಷ್ಟು ಕೇಳಿದರೆ ಸರಿ’ ಎಂದು ಕೇಳಿದರೆ ಅದೇ ಸ್ನೇಹಿತ ಸಲಹೆಗಾರನ ಪೀಠವೇರಿ ತನ್ನದನ್ನೂ ಹೇಳಿಬಿಡುತ್ತಾನೆ. ಎಲ್ಲ ಅಂಕಿಗಳನ್ನೂ ಒಂದೇ ಅಳತೆಗೆ, ಅಂದರೆ ವರ್ಷಕ್ಕೆ ಖಚಿತವಾಗಿ ಸಿಗುವ ಹಣಕ್ಕೆ ಇಳಿಸಿದೆವು. ಲಕ್ಷಗಳಲ್ಲಿ ಹೇಳುವುದಾದರೆ 13, 14, 15, 16, 17, 18 ಮತ್ತು ಎಷ್ಟು ಸೋಸಿದರೂ ಬಿಡದೆ ಅಂಟಿಕೊಂಡ ಆ 33.

ಹುಡುಗ ಕೂಡಿದ, ಏಳರಿಂದ ಭಾಗಿಸಿದ. ‘ಹದಿನೆಂಟು ಮಾವ!’ ಎಂದು ಕಣ್ಣರಳಿಸಿದ. ಏಳು ಜನರಲ್ಲಿ ಐವರಿಗೆ ಹದಿನೆಂಟು ಸಿಗುತ್ತಿಲ್ಲ, ಒಬ್ಬನಿಗೆ ಸರಿಯಾಗಿ ಅಷ್ಟೇ ಸಿಗುತ್ತಿದೆ, ದಾಟಿದವನು ಆ ಮೂವತ್ತ್ಮೂರರ ಪುಣ್ಯಾತ್ಮನೊಬ್ಬನೇ. ಸರಾಸರಿಯನ್ನು ಮೇಲೆತ್ತಿದ್ದು ಅವನು. ಸಾಲಾಗಿ ನಿಲ್ಲಿಸಿ ಮಧ್ಯದವನನ್ನು ಹಿಡಿದರೆ ಹದಿನಾರು. ಎರಡೂ ತುದಿಯ ಒಬ್ಬೊಬ್ಬರನ್ನು ಬಿಟ್ಟರೆ ಹದಿನಾಲ್ಕರಿಂದ ಹದಿನೆಂಟು. ಪೇಟೆಯ ಬೆಲೆ ಎಂದರೆ ಇದು, ಒಂದು ಅಂಕಿಯಲ್ಲ, ಒಂದು ಮಿತಿ. ಈಗ ಪಕ್ಕದಲ್ಲಿ ಅವನ ಆಫರ್ ಇಟ್ಟು ನೋಡಿದೆವು. ಹನ್ನೊಂದೂವರೆ. ಮೈಸೂರುಪಾಕ್ ಡಬ್ಬಿ ಮುಚ್ಚಿದ.

ನಮಗೆ ಏಳು ಅಂಕಿ ಕಲೆಹಾಕಲು ಒಂದು ವಾರಾಂತ್ಯ ಹೋಯಿತು. ಎದುರು ಕೂತ ಕಂಪನಿ ಈ ಕಷ್ಟ ಪಡುವುದಿಲ್ಲ. ಮರ್ಸರ್, ಏಯಾನ್, ಡಬ್ಲ್ಯುಟಿಡಬ್ಲ್ಯು ಮುಂತಾದ ಸಂಸ್ಥೆಗಳು ವೇತನ ಸಮೀಕ್ಷೆ ನಡೆಸುತ್ತವೆ. ಕಂಪನಿಗಳು ತಮ್ಮ ನೌಕರರ ಸಂಬಳವನ್ನು ಹೆಸರಿಲ್ಲದೆ ಅವರಿಗೆ ಒಪ್ಪಿಸುತ್ತವೆ, ಶುಲ್ಕ ಕಟ್ಟಿ ಎಲ್ಲರ ಒಟ್ಟು ಲೆಕ್ಕವನ್ನು ವಾಪಸ್ ಪಡೆಯುತ್ತವೆ. ಅಲ್ಲಿ ಅವಸರದ ಸುಳ್ಳಿಲ್ಲ, ಸಂಬಳದ ಪಟ್ಟಿಯಿಂದಲೇ ಎತ್ತಿದ ಅಂಕಿ. ಹುದ್ದೆಯ ಹೆಸರಿನಿಂದಲ್ಲ, ಕೆಲಸದ ವಿವರಣೆಯಿಂದ ಹೊಂದಿಸಿದ ಲೆಕ್ಕ. ನೂರು ಜನರನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಇಪ್ಪತ್ತೈದನೆಯವನಿಗೆ ಎಷ್ಟು, ಐವತ್ತನೆಯವನಿಗೆ ಎಷ್ಟು, ಎಪ್ಪತ್ತೈದನೆಯವನಿಗೆ ಎಷ್ಟು ಎಂಬುದು ಎಚ್‌ಆರ್ ವಿಭಾಗದ ಕಂಪ್ಯೂಟರಿನಲ್ಲಿದೆ. ಅಂದರೆ ನೌಕರರು ಒಬ್ಬರಿಗೊಬ್ಬರು ಹೇಳಿಕೊಳ್ಳಬಾರದ ಆ ಪರಮ ರಹಸ್ಯವನ್ನು ಮಾಲೀಕರು ಮೂರನೆಯವರ ಮೂಲಕ ಹಂಚಿಕೊಂಡಿರುತ್ತಾರೆ. ಗೋಪ್ಯತೆ ಬಹಳ ಪವಿತ್ರವಾದದ್ದು. ಅದನ್ನು ಮುರಿಯಲು ಶುಲ್ಕ ಕಟ್ಟಬೇಕು.

ಆ ಲೆಕ್ಕವನ್ನು ಅವರು ನಮಗೆ ತೋರಿಸುವುದಿಲ್ಲ. ಆದರೆ ಅದು ಇದೆಯೆಂದು ನಮಗೆ ಗೊತ್ತಿದೆ ಎಂಬುದನ್ನು ತೋರಿಸಬಹುದು. ‘ಈ ಹುದ್ದೆಯ ಬ್ಯಾಂಡ್ ಎಷ್ಟು, ಅದರ ಮಧ್ಯಬಿಂದು ಯಾವುದು?’ ಎಂದು ಕೇಳಬೇಕು. ಉತ್ತರ ಬರಲಿ ಬಿಡಲಿ, ‘ಕರೆಂಟ್ ಸಿಟಿಸಿ’ಯ ಮೇಲಿದ್ದ ಮಾತು ಹುದ್ದೆಯ ಬೆಲೆಯ ಕಡೆ ಹೊರಳುತ್ತದೆ. ಮಧ್ಯೆ ಕನ್ಸಲ್ಟೆನ್ಸಿಯವನಿದ್ದರೆ ಅವನನ್ನೂ ಕೇಳಬಹುದು, ಅವನಿಗೆ ಬಜೆಟ್ ಗೊತ್ತಿರುತ್ತದೆ. ಅವನು ನಿಮ್ಮ ಪರ ವಕೀಲನೆಂದು ಮಾತ್ರ ತಿಳಿಯಬೇಡಿ. ಅವನಿಗೆ ಕಂಪನಿ ಕೊಡುವ ಶುಲ್ಕ ಸಾಮಾನ್ಯವಾಗಿ ನಿಮ್ಮ ವಾರ್ಷಿಕ ಸಿಟಿಸಿಯ ಶೇ. 8.33ರ ಆಸುಪಾಸು, ಅಂದರೆ ಒಂದು ತಿಂಗಳ ಲೆಕ್ಕ. ನಿಮಗೆ ಒಂದು ಲಕ್ಷ ಹೆಚ್ಚು ಕೊಡಿಸಿದರೆ ಅವನ ಸಂಸ್ಥೆಗೆ ದಕ್ಕುವುದು ಎಂಟು ಸಾವಿರ ಚಿಲ್ಲರೆ. ನೀವು ಒಪ್ಪದೆ ಹೋದರೆ ಕಳೆದುಕೊಳ್ಳುವುದು ಲಕ್ಷದ ಮೇಲೆ. ‘ಒಪ್ಕೊಂಡ್ಬಿಡಿ ಸರ್, ಒಳ್ಳೆ ಕಂಪನಿ’ ಎಂದು ಅವನು ಅಷ್ಟು ಆಪ್ತತೆಯಿಂದ ಹೇಳುವುದು ಈ ಲೆಕ್ಕದಿಂದ.

ಸೋಮವಾರ ಹುಡುಗ ಎಚ್‌ಆರ್ ಮೇಡಂಗೆ ಫೋನ್ ಮಾಡಿದ. ನಾನು ಎದುರಿಗೆ ಕೂತಿದ್ದೆ, ಮೂಕನಾಗಿರಬೇಕೆಂಬ ಷರತ್ತಿನ ಮೇಲೆ.

‘ಮೇಡಂ, ಈ ಕೆಲಸಕ್ಕೆ ಬೆಂಗಳೂರಿನ ಜಿಸಿಸಿಗಳಲ್ಲಿ ಫಿಕ್ಸೆಡ್ ಹದಿನಾಲ್ಕರಿಂದ ಹದಿನೆಂಟು ನಡೀತಿದೆ. ನಿಮ್ಮ ಆಫರಿನಲ್ಲಿ ಫಿಕ್ಸೆಡ್ ಹನ್ನೊಂದೂವರೆ ಬರ್ತಿದೆ. ಬ್ಯಾಂಕಿಂಗ್ ಅನುಭವ ಬೇಕು ಅಂತ ನೀವೇ ಕೇಳಿದ್ರಿ, ಅದು ನನ್ನಲ್ಲಿದೆ. ನಾನು ಹದಿನೇಳು ನಿರೀಕ್ಷೆ ಮಾಡ್ತಿದ್ದೀನಿ.’

ಆ ಕಡೆ ಕೀಬೋರ್ಡಿನ ಸದ್ದು. ‘ಸರ್, ನಿಮ್ಮ ಕರೆಂಟ್ ಸಿಟಿಸಿ ಮೇಲೆ ಅದು ಸಿಕ್ಸ್ಟಿ ಪರ್ಸೆಂಟಿಗಿಂತ ಜಾಸ್ತಿ ಹೈಕ್ ಆಗತ್ತೆ.’

‘ಹೌದು ಮೇಡಂ. ಈಗಿನ ಕಂಪನಿ ಸರ್ವಿಸ್ ಕಂಪನಿ, ಕೆಲಸವೂ ಬೇರೆ. ಈ ಹುದ್ದೆಗೆ ನಿಮ್ಮಲ್ಲಿ ಬ್ಯಾಂಡ್ ಎಷ್ಟಿದೆ?’

‘ಬ್ಯಾಂಡ್ ಕಾನ್ಫಿಡೆನ್ಶಿಯಲ್ ಸರ್. ಇಂಟರ್ನಲ್ ಪ್ಯಾರಿಟಿನೂ ನೋಡಬೇಕಲ್ವಾ?’

ಈ ಇಂಟರ್ನಲ್ ಪ್ಯಾರಿಟಿ ಎಂಬುದು ಪೂರ್ತಿ ಸುಳ್ಳಲ್ಲ. ಒಳಗೆ ಆರೇಳು ವರ್ಷದಿಂದ ದುಡಿಯುತ್ತಿರುವವರಿಗೆ ಹದಿಮೂರು ಕೊಡುತ್ತಿದ್ದರೆ, ಹೊರಗಿನಿಂದ ಬಂದವನಿಗೆ ಹದಿನೇಳು ಕೊಟ್ಟ ದಿನ ಗುಟ್ಟು ರಟ್ಟಾಗುವ ಭಯ ಅವರಿಗೆ. ಒಳಗಿನವರಿಗೂ ಪೇಟೆ ಬೆಲೆ ಕೊಡಬಹುದಿತ್ತಲ್ಲ ಎಂಬ ಪರಿಹಾರ ಮಾತ್ರ ಯಾವ ಮೀಟಿಂಗಿನಲ್ಲೂ ಹೊಳೆಯುವುದಿಲ್ಲ.

ಮೂರು ದಿನದ ‘ಮ್ಯಾನೇಜ್‌ಮೆಂಟ್ ಅಪ್ರೂವಲ್’ ನಡೆಯಿತು. ಆಮೇಲೆ ಫಿಕ್ಸೆಡ್ ಹದಿನಾಲ್ಕು, ಜೊತೆಗೆ ಒಂದು ಲಕ್ಷ ಜಾಯ್ನಿಂಗ್ ಬೋನಸ್ ಎಂದು ಬಂತು. ಹುಡುಗನಿಗೆ ಬೋನಸ್ಸಿನ ಮೇಲೆ ಕಣ್ಣು. ಅದು ಒಂದೇ ಸಲ ಬರುವ ದುಡ್ಡು, ಮುಂದಿನ ವರ್ಷದ ಇನ್‌ಕ್ರಿಮೆಂಟ್ ಅದರ ಮೇಲೆ ಸಿಗುವುದಿಲ್ಲ. ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು, ತೆರಿಗೆ ಕಳೆದು ಕೈಗೆ ಕಡಿಮೆ ಬಂದಿದ್ದರೂ ಪೂರ್ತಿ ಲಕ್ಷ ಕೇಳುವ ಕರಾರುಗಳೂ ಇವೆ. ಅವನು ಬೋನಸ್ ಬೇಡ, ಅದನ್ನು ಫಿಕ್ಸೆಡ್‌ಗೆ ಸೇರಿಸಿ ಎಂದ. ಎಳೆದಾಡಿ ಹದಿನಾಲ್ಕು ಲಕ್ಷ ಎಪ್ಪತ್ತೈದು ಸಾವಿರಕ್ಕೆ ನಿಂತಿತು. ಪೇಟೆಯ ಮಿತಿಯೊಳಗೆ ಬಂತು, ಮಧ್ಯಕ್ಕೆ ಮುಟ್ಟಲಿಲ್ಲ. ಹದಿನಾಲ್ಕಕ್ಕಿಂತ ಕೆಳಗೆ ಬಂದರೆ ಇರುವಲ್ಲೇ ಇರುತ್ತೇನೆಂದು ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದ. ಹಾಗಾಗಿ ಆ ಮೂರು ದಿನ ನಿದ್ದೆಯೂ ಬಂತು.

ಮಧ್ಯಕ್ಕೆ ಯಾಕೆ ಮುಟ್ಟಲಿಲ್ಲ? ಅಂಕಿ ತಪ್ಪಾಗಿರಲಿಲ್ಲ, ಕೈಯಲ್ಲಿ ಎರಡನೇ ಆಫರ್ ಇರಲಿಲ್ಲ. ಪೇಟೆಯ ಬೆಲೆ ಎಷ್ಟು ಕೇಳಬಹುದೆಂದು ಹೇಳುತ್ತದೆ. ಕೇಳಿದ್ದು ಸಿಗುವುದು ಬೇರೆಯವರೂ ಕೊಳ್ಳಲು ನಿಂತಿದ್ದಾಗ. ರಾಜೀನಾಮೆ ಕೊಟ್ಟು, ತೊಂಬತ್ತು ದಿನದ ನೋಟಿಸಿನ ಎಂಬತ್ತನೇ ದಿನದಲ್ಲಿ ಕೂತವನ ಕೈಯಲ್ಲಿ ಎಪ್ಪತ್ತು ಅಂಕಿಗಳ ಪಟ್ಟಿ ಇದ್ದರೂ ಎಚ್‌ಆರ್ ಅದನ್ನು ಓದುವುದಿಲ್ಲ, ಕ್ಯಾಲೆಂಡರ್ ಓದುತ್ತಾರೆ. ಕಡಿಮೆ ಜನ ಮಾಡುವ ಅಪರೂಪದ ಕೆಲಸಗಳಿಗೂ ಈ ವಿದ್ಯೆ ಅಷ್ಟಾಗಿ ಒಗ್ಗುವುದಿಲ್ಲ. ಹೋಲಿಸಲು ಏಳು ಜನ ಸಿಗದಿದ್ದರೆ ಮಧ್ಯದವನು ಎಲ್ಲಿಂದ ಬರಬೇಕು?

ಹುಡುಗ ಕೆಲಸಕ್ಕೆ ಸೇರಿದ. ಮೊದಲ ದಿನ ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಸಂಬಳದ ವಿವರ ಯಾರಿಗೂ ಹೇಳುವುದಿಲ್ಲ ಎಂಬ ಮುಚ್ಚಳಿಕೆಯೂ ಇತ್ತು. ಅದೇ ವಾರ ಅದೇ ಎಚ್‌ಆರ್ ವಿಭಾಗದಿಂದ ಹೊಸಬರಿಗೆಲ್ಲ ಇಮೇಲ್ ಬಂತು: ದಯವಿಟ್ಟು ಇಂಥಿಂಥ ತಾಣಗಳಿಗೆ ಹೋಗಿ ನಮ್ಮ ಕಂಪನಿಯ ಬಗ್ಗೆ ಒಳ್ಳೆಯ ನಾಲ್ಕು ಮಾತು ಬರೆಯಿರಿ, ಐದು ನಕ್ಷತ್ರ ಕೊಡಿ. ಆ ತಾಣಗಳಲ್ಲಿ ನಕ್ಷತ್ರ ಕೊಡುವ ಪುಟದ ಪಕ್ಕದಲ್ಲೇ ಸಂಬಳ ಬರೆಯುವ ಪುಟವಿದೆ. ‘ಬರೀಲಾ ಮಾವ? ಸಹಿ ಹಾಕಿದ್ದೀನಲ್ಲ?’ ಎಂದು ಕೇಳಿದ.

ಅವನು ಚೌಕಾಸಿಗೆ ಹಿಡಿದುಕೊಂಡು ಹೋದ ಅಂಕಿಗಳಲ್ಲಿ ಜಾಹೀರಾತಿನಲ್ಲಿ ಸಿಕ್ಕವನ್ನು ಬಿಟ್ಟರೆ ಉಳಿದವೆಲ್ಲ ಇಂಥದೇ ಮುಚ್ಚಳಿಕೆಗೆ ಸಹಿ ಹಾಕಿ ಮುರಿದವರ ಕೊಡುಗೆ ಎಂದು ನೆನಪಿಸಿದೆ. ಈ ಊರಿನಲ್ಲಿ ಸಂಬಳದ ಪೇಟೆ ಎಂಬುದೊಂದು ಇದ್ದರೆ ಅದು ನಿಂತಿರುವುದು ಕರಾರು ಪಾಲಿಸಿದವರಿಂದಲ್ಲ. ಸಹಿ ಅವನದು, ನಿರ್ಧಾರವೂ ಅವನದೇ ಇರಲಿ ಎಂದು ಬಿಟ್ಟೆ. ಒಂದು ಷರತ್ತು ಮಾತ್ರ ಹಾಕಿದೆ: ‘ಬರೆಯೋದಾದ್ರೆ ಫಿಕ್ಸೆಡ್ ಬೇರೆ, ವೇರಿಯಬಲ್ ಬೇರೆ ಬರಿ. ಸಿಟಿಸಿ ಬರೆದು ಇನ್ನೊಬ್ಬನ ಗ್ರಾಫ್ ಕೆಡಿಸಬೇಡ. ನಕ್ಷತ್ರ ಬೇಕಾದ್ರೆ ಐದೂ ಕೊಡು, ಅದಕ್ಕೆ ಪಿಎಫ್ ಇಲ್ಲ.’